ಬೀಗ ಒಡೆದ ಮನೆಯ ಮೊದಲ ರಾತ್ರಿ

ಮದುವೆಗೆಂದು ಊರಿಗೆ ಹೋಗಿದ್ದ ಗೆಳತಿ ಮರಳಿದಾಗ ಮುಂಬಾಗಿಲ ಚಿಲಕ ಕಿತ್ತುಬಂದಿತ್ತು. ಬೀರುವಿನ ಬಟ್ಟೆಯೆಲ್ಲ ಮಂಚದ ಮೇಲೆ ಚೆಲ್ಲಾಡಿತ್ತು. ಬಂದವರೆಲ್ಲ ಕೇಳಿದ್ದು ಒಂದೇ: “ಎಷ್ಟು ಹೋಯ್ತು?” ನಾಲ್ಕನೆಯವರು ಕೇಳುವ ಹೊತ್ತಿಗೆ ಅವಳು ಉತ್ತರಿಸುವುದನ್ನೇ ಬಿಟ್ಟಿದ್ದಳು.

ಅವಳನ್ನು ಕಾಡುತ್ತಿದ್ದುದು ಎರಡೆಳೆ ಸರವಲ್ಲ. “ಯಾರೋ ನನ್ನ ಸೀರೆಗಳನ್ನೆಲ್ಲ ಮುಟ್ಟಿದ್ದಾರೆ ಕಣೇ. ಉಡೋಕೇ ಆಗ್ತಿಲ್ಲ” ಎಂದಳು. ಕಳ್ಳತನವಾದ ಮನೆಯಲ್ಲಿ ಇಂಥ ಹೇಸಿಗೆ, ಭಯ ಸಹಜ. “ಹೋಗಲಿ ಬಿಡು, ಜೀವ ಉಳಿಯಿತಲ್ಲ” ಎಂದರೆ ಆ ಮಾತು ಅಲ್ಲಿಗೇ ನಿಂತುಹೋಗುತ್ತದೆ. “ಲಾಕರ್‌ನಲ್ಲಿ ಇಡಬಾರದಿತ್ತಾ?” ಎಂಬುದು ಇನ್ನೂ ಕೆಟ್ಟದ್ದು. ತನ್ನದೇ ತಪ್ಪೆಂದು ಅವಳು ಆಗಲೇ ನೂರು ಸಲ ಅಂದುಕೊಂಡಿರುತ್ತಾಳೆ.

ನಾನು ಕೇಳಿದ್ದು, “ಒಳಗೆ ಕಾಲಿಟ್ಟಾಗ ಹೇಗನ್ನಿಸಿತು?” ಅವಳು ಅರ್ಧ ಗಂಟೆ ಮಾತಾಡಿದಳು, ಅತ್ತಳು. ನಾನು ನಡುವೆ ಬಾಯಿ ಹಾಕಲಿಲ್ಲ.

ಬೆರಳಚ್ಚು ತಜ್ಞರು ಬಂದು ಹೋಗುವವರೆಗೆ ಏನನ್ನೂ ಮುಟ್ಟುವಂತಿರಲಿಲ್ಲ. ಅಲ್ಲಿಯವರೆಗೆ ಅವಳನ್ನು ಪಕ್ಕದ ಮನೆಯಲ್ಲಿ ಕೂರಿಸಿಕೊಂಡೆ. ಆಮೇಲೆ ಇಬ್ಬರೂ ಸೇರಿ ಒಂದೊಂದೇ ಸೀರೆ ಒಗೆದು ಮಡಚಿಟ್ಟೆವು. ಸಂಜೆಯೊಳಗೆ ಬಡಗಿಯನ್ನು ಕರೆಸಿ ಹೊಸ ಬೀಗ ಹಾಕಿಸಿದೆವು.

ರಾತ್ರಿ ಅಲ್ಲೇ ಉಳಿದೆ. ಎರಡು ಗಂಟೆಗೆ ಬೆಕ್ಕು ಹಾರಿದ ಸದ್ದಿಗೆ ಅವಳು ಎದ್ದು ಕೂತಳು. “ಏನಿಲ್ಲ, ಮಲಗು” ಎನ್ನದೆ, ದೀಪ ಹಾಕಿ ಜೊತೆಯಲ್ಲೇ ಬಾಗಿಲುಗಳನ್ನು ನೋಡಿಬಂದೆ. ವಾರ ಕಳೆದ ಮೇಲೆ ಬರುವವರು ಕಡಿಮೆಯಾಗುತ್ತಾರೆ, ಹೆದರಿಕೆ ಮಾತ್ರ ಉಳಿದಿರುತ್ತದೆ. ತಿಂಗಳಾದರೂ ಸಂಜೆ ಏಳಕ್ಕೆ ಅವಳಿಗೆ ಫೋನ್ ಮಾಡುತ್ತೇನೆ. ಕತ್ತಲಲ್ಲಿ ಬೀಗ ತೆಗೆದು ಒಳಗೆ ಹೋಗುವ ಹೊತ್ತು ಅದು.