ಹುಟ್ಟುಹಬ್ಬ ಅವರ ಊರಿನ ಗಡಿಯಾರದಲ್ಲಿ

ಮೈಸೂರಿನಲ್ಲಿ ಹೆಂಡತಿ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಗಂಡ. ಅವರ ಹುಟ್ಟುಹಬ್ಬ 2026ರ ನವೆಂಬರ್ 5, ಗುರುವಾರ ಎಂದಿಟ್ಟುಕೊಳ್ಳೋಣ. ಅಕ್ಟೋಬರ್‌ನಲ್ಲಿ ಎರಡು ಊರುಗಳ ನಡುವೆ ಹನ್ನೆರಡೂವರೆ ಗಂಟೆ ಅಂತರ. ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ; 2026ರಲ್ಲಿ ಅದು 1ನೇ ತಾರೀಕು. ಅಂದಿನಿಂದ ಅಂತರ ಹದಿಮೂರೂವರೆ ಗಂಟೆ. ಹಾಗಾಗಿ ಗಂಡನ ಹುಟ್ಟುಹಬ್ಬ ಶುರುವಾಗುವುದು ಮೈಸೂರಿನ ಗುರುವಾರ ಮಧ್ಯಾಹ್ನ 1.30ಕ್ಕೆ. ಹಳೆಯ ಲೆಕ್ಕದಲ್ಲಿ 12.30ಕ್ಕೆ ಫೋನ್ ಮಾಡಿದರೆ ಅಲ್ಲಿನ್ನೂ ಬುಧವಾರ ರಾತ್ರಿ 11 ಗಂಟೆ.

ಉಡುಗೊರೆಯನ್ನು ಇಲ್ಲಿಂದಲೇ ಕಳುಹಿಸಬಹುದು. ಆದರೆ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಎಷ್ಟು ದಿನ ನಿಲ್ಲುತ್ತದೆಂದು ಯಾವ ಕೊರಿಯರ್ ಅಂಗಡಿಯವರೂ ಖಚಿತವಾಗಿ ಹೇಳಲಾರರು. ಇದೇ ದಿನ ತಲುಪಬೇಕೆಂಬ ಹಟವಿದ್ದರೆ ಅಮೆರಿಕದ ಅಂಗಡಿಯಿಂದಲೇ ಆನ್‌ಲೈನ್‌ನಲ್ಲಿ ಕೊಳ್ಳುವುದು ಲೇಸು. ಮನೆಯ ಕೋಡುಬಳೆಯ ಡಬ್ಬಿ ಒಂದೆರಡು ವಾರ ಮೊದಲೇ ಹೊರಡಲಿ, ಅದು ಯಾವತ್ತು ತಲುಪಿದರೂ ಸಂತೋಷವೇ.

ಅಲ್ಲಿನ ಅಂಗಡಿಯಲ್ಲಿ ಕೊಳ್ಳುವ ಮುನ್ನ ಕಾರ್ಡ್ ನೋಡಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲು ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲೂ ಮಾಡಿ ಮಿತಿಯನ್ನೂ ಹಾಕಬೇಕು. ಕೆಲವು ಅಮೆರಿಕನ್ ಅಂಗಡಿಗಳು ಭಾರತದ ವಿಳಾಸವಿರುವ ಕಾರ್ಡನ್ನು ಒಪ್ಪುವುದೇ ಇಲ್ಲ. ಇದು ಕೊನೆಯ ದಿನ ಗೊತ್ತಾದರೆ ಕಷ್ಟ, ವಾರ ಮೊದಲೇ ಗೊತ್ತಾದರೆ ಬೇರೆ ಅಂಗಡಿ ಹುಡುಕಬಹುದು.

ಆರ್ಡರ್ ಮಾಡುವಾಗ ತೆರೆಯುವ ಕ್ಯಾಲೆಂಡರ್‌ನ ತಾರೀಕು ತಲುಪಿಸುವ ಊರಿನದು. ‘ಶುಕ್ರವಾರ ಮಧ್ಯಾಹ್ನ 12ರೊಳಗೆ ಆರ್ಡರ್ ಮಾಡಿ’ ಎಂದು ಅಲ್ಲಿನ ಅಂಗಡಿ ಹೇಳಿದರೆ, ಅಕ್ಟೋಬರ್‌ನಲ್ಲಿ ಅದು ಮೈಸೂರಿನ ಶುಕ್ರವಾರ ಮಧ್ಯರಾತ್ರಿ ದಾಟಿ 12.30. ಶುಕ್ರವಾರ ಸಂಜೆ ಇಲ್ಲಿ ಕೂತು ಆರ್ಡರ್ ಮಾಡಿದರೂ ಸಾಕು. ಶನಿವಾರ ಬೆಳಗಿನವರೆಗೆ ಬಿಟ್ಟರೆ ಅನೇಕ ಅಂಗಡಿಗಳಲ್ಲಿ ಸೋಮವಾರದವರೆಗೂ ಪೆಟ್ಟಿಗೆ ಅಲುಗಾಡುವುದಿಲ್ಲ.

ತಲುಪುವ ದಿನವನ್ನು ಗುರುವಾರಕ್ಕಿಡಬಾರದು, ಮಂಗಳವಾರ ಅಥವಾ ಬುಧವಾರಕ್ಕಿಡಬೇಕು. ಅಲ್ಲಿ ಬೆಳಿಗ್ಗೆ 8ಕ್ಕೆ ಪಾರ್ಸೆಲ್ ವ್ಯಾನ್ ಹೊರಡುವಾಗ ಇಲ್ಲಿ ರಾತ್ರಿ 9.30. ಅಪಾರ್ಟ್‌ಮೆಂಟಿನ ಗೇಟು ತೆರೆಯದೆ ಡ್ರೈವರ್ ಮಧ್ಯಾಹ್ನ ಫೋನ್ ಮಾಡಿದರೆ ಇಲ್ಲಿ ಹೆಂಡತಿ ನಿದ್ದೆಯಲ್ಲಿರುತ್ತಾರೆ. ಆದ್ದರಿಂದ ಹತ್ತಿರದ ಗೆಳೆಯರ ಮನೆ ವಿಳಾಸ, ಅವರದೇ ಸ್ಥಳೀಯ ಫೋನ್ ನಂಬರ್ ಕೊಡುವುದು ಒಳ್ಳೆಯದು. ಗುರುವಾರ ಸಂಜೆ ಗಂಡ ಕೆಲಸದಿಂದ ಬರುವ ಹೊತ್ತಿಗೆ ಗೆಳೆಯರೇ ತಂದುಕೊಡುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಂದೇ ಖಾತೆ ಬಳಸುತ್ತಿದ್ದರೆ ಆರ್ಡರಿನ ಸಂದೇಶ ಮೊದಲು ಗಂಡನ ಫೋನಿಗೇ ಹೋಗಬಹುದು. ಹೊಸ ಖಾತೆಯಿಂದ ಕೊಂಡರೆ ಗುಟ್ಟು ಉಳಿಯುತ್ತದೆ.

ಟ್ರ್ಯಾಕಿಂಗ್‌ನಲ್ಲಿ ‘ಲೇಬಲ್ ಕ್ರಿಯೇಟೆಡ್’ ಎಂದು ಕಂಡ ಮಾತ್ರಕ್ಕೆ ಪಾರ್ಸೆಲ್ ಹೊರಟಿದೆ ಎಂದುಕೊಳ್ಳಬೇಡಿ. ಮಾರುವವರು ಚೀಟಿ ಅಚ್ಚು ಹಾಕಿದ್ದಾರೆ, ಪೆಟ್ಟಿಗೆ ಇನ್ನೂ ಕೊರಿಯರ್‌ನವರ ಕೈ ಸೇರಿಲ್ಲ ಎಂದಷ್ಟೇ ಅದರ ಅರ್ಥ. ಎರಡು ದಿನ ಅದೇ ಸಾಲು ನಿಂತಿದ್ದರೆ ಇಲ್ಲಿ ರಾತ್ರಿ ಹತ್ತೂವರೆಯ ನಂತರ, ಅಂದರೆ ಅಲ್ಲಿ ಬೆಳಿಗ್ಗೆ ಅಂಗಡಿ ತೆರೆದ ಮೇಲೆ, ವಿಚಾರಿಸಿ.