ಕೂಡಿ ನೋಡಿ, ಆಮೇಲೆ ಸೇವ್ ಮಾಡಿ

ಇದು ಹಾರ್ಡ್‌ವೇರ್ ಅಂಗಡಿಯ ಬಿಲ್. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಟೆಸೆರಾಕ್ಟ್‌ಗೆ ಕೊಡೋಣ. ಕನ್ನಡ, ಇಂಗ್ಲಿಷ್ ಎರಡೂ ಇರುವುದರಿಂದ ಎರಡೂ ಭಾಷೆ ಹೇಳಬೇಕು.

```
tesseract bill.png out -l kan+eng --psm 6
```

ಬಂದ ಅಕ್ಷರಗಳನ್ನು ನೋಡಿ. ಪೈಪ್ 6, ದರ 185, ಮೊತ್ತ 1110. ಎಲ್ಬೋ 12, ದರ 28, ಮೊತ್ತ 386. ಅಂಟು 1, ದರ 154, ಮೊತ್ತ 154. ಸಿಜಿಎಸ್‌ಟಿ 144, ಎಸ್‌ಜಿಎಸ್‌ಟಿ 144. ಒಟ್ಟು 1888.

ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಈಗ ಕೂಡಿ: ಮೂರು ಸಾಲು ಸೇರಿ 1650, ತೆರಿಗೆ 288, ಅಲ್ಲಿಗೆ 1938. ಬಿಲ್ಲಿನ ಒಟ್ಟಿಗಿಂತ 50 ರೂಪಾಯಿ ಹೆಚ್ಚು!

ತಪ್ಪು ಎಲ್ಲಿದೆ? ಪ್ರತಿ ಸಾಲಿನಲ್ಲೂ ಸಂಖ್ಯೆಯನ್ನು ದರದಿಂದ ಗುಣಿಸಿ. 12 ಎಲ್ಬೋಗೆ 28ರಂತೆ 336 ಆಗಬೇಕು. ಮಸುಕಾದ 3 ಅನ್ನು ಯಂತ್ರ 8 ಎಂದು ಓದಿದೆ. ಆದರೂ ಪ್ರೋಗ್ರಾಂ ತಾನೇ ತಿದ್ದುವುದು ಬೇಡ, ಏಕೆಂದರೆ ದರವನ್ನೇ ತಪ್ಪಾಗಿ ಓದಿರಬಹುದು, ಅಂಗಡಿಯವರೇ ತಪ್ಪು ಬರೆದಿರಬಹುದು. ಆ ಬಿಲ್ಲನ್ನು 'ಪರಿಶೀಲನೆಗೆ' ಎಂದು ಗುರುತಿಸಿ, ಆ ಸಾಲಿನ ಚಿತ್ರವನ್ನು ಪಕ್ಕದಲ್ಲಿಟ್ಟು ಮನುಷ್ಯರಿಗೆ ತೋರಿಸಿ.

ಲೆಕ್ಕ ಕೂಡಿಬಂದ ಬಿಲ್ ಮಾತ್ರ ಡೇಟಾಬೇಸ್‌ಗೆ ಹೋಗಲಿ. ಮೊತ್ತವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ: 1888 ರೂಪಾಯಿ ಅಂದರೆ 188800. ದಶಮಾಂಶದ ಕೂಡುವಿಕೆಯಲ್ಲಿ ನುಸುಳುವ ಸಣ್ಣ ವ್ಯತ್ಯಾಸ ಆಗ ಇರುವುದಿಲ್ಲ. ಬಿಲ್ಲಿನಲ್ಲಿ ರೌಂಡ್ ಆಫ್ ಸಾಲಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಒಂದು ಮಾತು ನೆನಪಿರಲಿ. ಮೊತ್ತ ತಾಳೆಯಾದರೂ ದಿನಾಂಕ, ಬಿಲ್ ನಂಬರ್ ತಪ್ಪಾಗಿರಬಹುದು. ಜಿಎಸ್‌ಟಿ ನಂಬರಿಗೆ ಮಾತ್ರ ಬೇರೆ ದಾರಿಯಿದೆ: ಅದರ 15ನೇ ಅಕ್ಷರ ಹಿಂದಿನ 14ರಿಂದ ಲೆಕ್ಕಹಾಕಿ ಬಂದದ್ದು, ಅದನ್ನೂ ತಾಳೆ ನೋಡಬಹುದು.