‘ಊಟ ಆಯ್ತಾ’ ಅಂದ್ರೆ ಇಷ್ಟ ಅಂತಲಾ?

“ನೋಡೇ, ರಾತ್ರಿ ಹನ್ನೊಂದಕ್ಕೆ ‘ಊಟ ಆಯ್ತಾ’ ಅಂತ ಕೇಳಿದಾನೆ. ಇಷ್ಟ ಇಲ್ದೆ ಯಾರು ಕೇಳ್ತಾರೆ?”

“ನಮ್ಮ ಪಿಜಿ ಆಂಟಿ ದಿನಾ ಕೇಳ್ತಾರೆ.”

ತಿಪಟೂರಿನ ಮದುವೆಯೊಂದರಲ್ಲಿ ಪರಿಚಯವಾದ ಹುಡುಗನ ವಾಟ್ಸ್ಯಾಪ್ ಸಂದೇಶಗಳನ್ನು ಶ್ವೇತಾ, ಸುಮಾ ಎಂಬ ಗೆಳತಿಯರು ಹೀಗೆ ಜಾಲಾಡುತ್ತಿದ್ದಾರೆ ಎಂದುಕೊಳ್ಳೋಣ. ಶ್ವೇತಾಗೆ ನೀಲಿ ಗೆರೆ ಬಿದ್ದೂ ಉತ್ತರ ಬರದ ಆ ಮೂರು ಗಂಟೆಯದೇ ಚಿಂತೆ. ನೀಲಿ ಗೆರೆ ಹೇಳುವುದು ಚಾಟ್ ತೆರೆದಿದ್ದಾನೆ ಅಂತ, ಅಷ್ಟೇ. ಬಸ್ಸಿನಲ್ಲಿ ನಿಂತಿದ್ದನೋ, ಬೇಸರಪಟ್ಟನೋ, ಅದಕ್ಕೆ ಗೊತ್ತಿಲ್ಲ.

“ಬರೀ ‘ಹ್ಮ್’ ಅಂತ ಕಳಿಸಿದಾನೆ. ಕೋಪ ಬಂದಿರ್ಬೇಕು.”

“ನಿನಗೆ ಭಯ ಆಗಿದೆ, ಅದಕ್ಕೆ ಹಂಗೆ ಓದ್ತಿದೀಯ.”

ಸುಮಾ ಅಂದದ್ದರಲ್ಲಿ ಹುರುಳಿದೆ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರು ಗಂಭೀರ ಮಾತನ್ನೂ ಕುಹಕವನ್ನೂ ಇಮೇಲ್‌ನಲ್ಲಿ ಬರೆದು ಕಳಿಸಿದರು. ಓದುವವರು ನೂರಕ್ಕೆ 78 ಸಲ ತಮ್ಮ ದನಿಯನ್ನು ಸರಿಯಾಗಿ ಗುರುತಿಸುತ್ತಾರೆಂದು ಬರೆದವರ ನಂಬಿಕೆ. ಗುರುತಾದದ್ದು ಸುಮಾರು 56 ಸಲ. ನಾಣ್ಯ ಚಿಮ್ಮಿದ್ದರೂ 50 ಸರಿಹೋಗುತ್ತಿತ್ತು! ಹಾಗಾಗಿ ಒಂದು ‘ಹ್ಮ್’ ಹಿಡಿದು ರಾತ್ರಿಯೆಲ್ಲ ಚರ್ಚಿಸುವುದು ನಿದ್ದೆಗೆ ದಂಡ.

ಸುಮಾ ಮೇಲಕ್ಕೆ ಸರಿಸುತ್ತಾ ಹೋಗಿ ಒಂದು ಕಡೆ ನಿಂತಳು.

“ಇದು ನೋಡು. ‘ಅಜ್ಜಿಗೆ ಕಣ್ಣಿನ ಆಪರೇಷನ್ ಅಂದಿದ್ರಿ, ಪಟ್ಟಿ ಬಿಚ್ಚಿದ್ರಾ?’ ನೀನು ಯಾವಾಗ ಹೇಳಿದ್ದೆ?”

“ಸೋಮವಾರ. ಇವನು ಕೇಳಿದ್ದು ಗುರುವಾರ.”

‘ಊಟ ಆಯ್ತಾ’ ಯಾರಿಗೆ ಬೇಕಾದರೂ ಕಳಿಸಬಹುದಾದ ಪ್ರಶ್ನೆ. ಅಜ್ಜಿಯ ಪಟ್ಟಿಯ ಪ್ರಶ್ನೆ ಶ್ವೇತಾಗೆ ಮಾತ್ರ ಕೇಳಬಹುದಾದದ್ದು, ಅದಕ್ಕೆ ಅವಳ ಮಾತು ನೆನಪಿರಬೇಕು. ಹಾರ್ವರ್ಡ್‌ನ ಕರೆನ್ ಹುವಾಂಗ್, ಆಲಿಸನ್ ವುಡ್ ಬ್ರೂಕ್ಸ್ ಮೊದಲಾದವರ 2017ರ ಅಧ್ಯಯನದ ಪ್ರಕಾರ, ಹೇಳಿದ್ದರ ಎಳೆ ಹಿಡಿದು ಮುಂದಿನ ಪ್ರಶ್ನೆ ಕೇಳುವವರು ನಮಗೆ ಹೆಚ್ಚು ಇಷ್ಟವಾಗುತ್ತಾರೆ. ಆದರೆ ಇಲ್ಲೊಂದು ಎಡವಟ್ಟಿದೆ. ಇಷ್ಟವಾಗುವುದು ನಮಗೆ ಅವರು. ಅವರಿಗೆ ನಾವು ಇಷ್ಟ ಎಂದು ಆ ಅಧ್ಯಯನ ಹೇಳುವುದಿಲ್ಲ. ಒಳ್ಳೆಯ ನಡತೆಯವನು ಯಾರನ್ನಾದರೂ ಹಾಗೆಯೇ ವಿಚಾರಿಸಿಕೊಂಡಾನು.

“ಹಂಗಾದ್ರೆ ಗೊತ್ತಾಗೋದು ಹೆಂಗೆ?”

“ದಿನ, ಜಾಗ ಹೇಳಿ ಕೇಳು. ‘ಯಾವಾಗಾದ್ರೂ ಸಿಗೋಣ’ ಅನ್ಬೇಡ.”

ಶ್ವೇತಾ ಬರೆದಳು: ‘ಶನಿವಾರ ಸಂಜೆ ಗಾಂಧಿ ಬಜಾರಿಗೆ ಬರ್ತಿದೀನಿ. ಬಿಡುವಿದ್ರೆ ಕಾಫಿ ಕುಡಿಯೋಣ?’

ಉತ್ತರ ಬಂದದ್ದು ಮರುದಿನ ಬೆಳಿಗ್ಗೆ: ‘ಶನಿವಾರ ಊರಿಗೆ ಹೋಗ್ತಿದೀನಿ. ಮಂಗಳವಾರ ಆರಕ್ಕೆ ಆಗುತ್ತಾ?’

ತಡವಾಗಿ ಬಂತು, ಅದೂ ‘ಆಗಲ್ಲ’ ಎಂದು. ಆದರೂ ಬೇರೆ ದಿನ ಹುಡುಕುವ ಕೆಲಸವನ್ನು ಅವನೇ ಮಾಡಿದ್ದಾನೆ. ಬರೀ ‘ಬಿಜಿ ಇದೀನಿ’ ಎಂದು ನಿಲ್ಲಿಸಿ, ಇನ್ನೊಮ್ಮೆ ಕರೆದಾಗಲೂ ಅದನ್ನೇ ಅಂದಿದ್ದರೆ, ಅದರ ಹಿಂದೆ ಎಷ್ಟು ಹೃದಯದ ಚಿತ್ರಗಳಿದ್ದರೂ ಸುಮಾ ಲೆಕ್ಕಕ್ಕಿಡುತ್ತಿರಲಿಲ್ಲ.